ಬಿಲ್ಲಿನಲ್ಲಿ ತಪ್ಪಾಗಿ ಕಡಿತವಾದ ಹಣ: ಹದಿನೆಂಟು ಕಾಸ್ಟಿಂಗ್‌ಗಳ ಒಂದು ಲೆಕ್ಕ

(ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಯಂತ್ರಾಗಾರಗಳ ಮಾಲೀಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಹೆಚ್ಚಿನವರು ಗಿರಾಕಿ ಕಳಿಸಿದ ಕಾಸ್ಟಿಂಗ್ ತಂದು, ಟರ್ನಿಂಗ್, ಬೋರಿಂಗ್, ಡ್ರಿಲ್ಲಿಂಗ್ ಮಾಡಿ ತಿರುಗಿ ಕಳಿಸುವವರು. ಮಾಲು ಅವರದು, ಕೂಲಿ ನಿಮ್ಮದು. ಈ ವ್ಯವಹಾರದಲ್ಲಿ ಬಿಲ್ಲಿನ ಹಣ ಪೂರ್ತಿ ಬರುವುದು ಕಡಿಮೆ. ಒಂದಿಷ್ಟು ಟಿಡಿಎಸ್, ಒಂದಿಷ್ಟು ರಿಜೆಕ್ಷನ್, ಒಂದಿಷ್ಟು ‘ಮಾಲು ಕಡಿಮೆ ಬಂದಿದೆ’ ಎಂದು ಕಡಿತವಾಗಿಯೇ ಖಾತೆಗೆ ಬೀಳುತ್ತದೆ. ಆ ಕಡಿತದಲ್ಲಿ ಸರಿಯಾದದ್ದೂ ಇರುತ್ತದೆ, ತಪ್ಪಾದದ್ದೂ ಇರುತ್ತದೆ. ಎರಡೂ ಒಂದೇ ಮೊತ್ತದಲ್ಲಿ ಬೆರೆತು ಬರುವುದರಿಂದ ಮಾಲೀಕರು ಒಂದೋ ಎಲ್ಲವನ್ನೂ ನುಂಗಿಕೊಳ್ಳುತ್ತಾರೆ, ಇಲ್ಲವೇ ಎಲ್ಲದರ ಮೇಲೂ ಜಗಳ ತೆಗೆಯುತ್ತಾರೆ. ಎರಡರಿಂದಲೂ ನಷ್ಟವೇ. ಇವತ್ತು ನಾನು ಒಂದೇ ಒಂದು ಬಿಲ್ಲನ್ನು ತೆಗೆದುಕೊಂಡು, ಅದರಲ್ಲಿ ಕಡಿತವಾದ ಪ್ರತಿಯೊಂದು ರೂಪಾಯಿ ಎಲ್ಲಿಗೆ ಹೋಯಿತು, ಅದರಲ್ಲಿ ಎಷ್ಟು ಹೇಗೆ ಮರಳಿ ಬಂತು ಎಂದು ಹೇಳುತ್ತೇನೆ. ನಾನು ಲೆಕ್ಕಪತ್ರ ನೋಡಿಕೊಡುವ ಒಂದು ಘಟಕದ ಬಿಲ್ಲು ಇದು. ಮಾಲೀಕರ ಹೆಸರನ್ನೂ ಗಿರಾಕಿಯ ಹೆಸರನ್ನೂ ಹೇಳುವುದಿಲ್ಲ. ಇಬ್ಬರೂ ಇವತ್ತಿಗೂ ವ್ಯವಹಾರ ಮಾಡುತ್ತಿದ್ದಾರೆ.

ಗಿರಾಕಿ ಕೊಲ್ಹಾಪುರದ ಕಡೆಯ ಒಂದು ಪಂಪ್ ತಯಾರಿಸುವ ಕಂಪನಿ. ಪಂಪಿನ ಹೌಸಿಂಗ್ ಕಾಸ್ಟಿಂಗನ್ನು ಅದು ಬೇರೊಂದು ಫೌಂಡ್ರಿಯಿಂದ ಕೊಂಡು ನಮ್ಮವರಿಗೆ ಕಳಿಸುತ್ತದೆ. 2024ರ ಸೆಪ್ಟೆಂಬರ್ 3ರಂದು 600 ಹೌಸಿಂಗ್ ತಯಾರಾಗಿ ಹೋದವು. ಒಂದಕ್ಕೆ 150 ರೂಪಾಯಿ ಕೂಲಿ, ಒಟ್ಟು 90,000. ಜಾಬ್ ವರ್ಕ್ ಮೇಲೆ ಆಗ ಶೇ. 12ರ ಜಿಎಸ್‌ಟಿ ಇತ್ತು, ಅದು 10,800. ಬಿಲ್ಲಿನ ಮೊತ್ತ 1,00,800 ರೂಪಾಯಿ. 45 ದಿನದ ಕರಾರು. ಅಕ್ಟೋಬರ್ 17ರಂದು, ಅಂದರೆ ಕರಾರಿನೊಳಗೇ ಹಣ ಬಂತು. ಆದರೆ ಬಂದದ್ದು 87,192. ಪಾವತಿಯ ಜೊತೆ ಬಂದ ಕಾಗದದಲ್ಲಿ ಮೂರು ಸಾಲು: ಟಿಡಿಎಸ್ 2,016, ರಿಜೆಕ್ಷನ್ 18 ನಗ 10,584, ಕಡಿಮೆ ಬಂದ ಮಾಲು 6 ನಗ 1,008. ಒಟ್ಟು 13,608 ಕಡಿತ.

ದೀಪಾವಳಿಗೆ ಇನ್ನು ಎರಡೇ ವಾರ. ಕಾರ್ಮಿಕರಿಗೆ ಬೋನಸ್ ಕೊಡಬೇಕು. ಮಾಲೀಕರು ಫೋನ್ ಮಾಡಿದಾಗ ಅವರ ಮೊದಲ ಮಾತು, ‘ಅವರ ಮುಂದಿನ ಲಾಟ್ ನಮ್ಮ ಶೆಡ್ಡಿನಲ್ಲಿ ತಯಾರಾಗಿ ಕೂತಿದೆ, ಹಣ ಬರುವ ತನಕ ಗಾಡಿ ಬಿಡುವುದಿಲ್ಲ’ ಎಂಬುದಾಗಿತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು ಹೇಳಲೇಬೇಕು, ಏಕೆಂದರೆ ನಿಮ್ಮಲ್ಲಿ ಅನೇಕರಿಗೆ ಇದು ಹಕ್ಕು ಎಂಬ ನಂಬಿಕೆ ಇದೆ. ಮತ್ತೊಬ್ಬರ ವಸ್ತುವಿನ ಮೇಲೆ ಕೆಲಸ ಮಾಡಿದವನು ತನ್ನ ಕೂಲಿ ಬರುವ ತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು ಎಂದು 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ಯಾವ ವಸ್ತುವಿನ ಮೇಲೆ ಕೆಲಸ ಮಾಡಿದಿರೋ ಆ ವಸ್ತುವಿನ ಕೂಲಿಗೆ ಮಾತ್ರ ಆ ಹಕ್ಕು. ಸೆಪ್ಟೆಂಬರ್ ಬಿಲ್ಲಿನ ಬಾಕಿಗಾಗಿ ಅಕ್ಟೋಬರ್ ಲಾಟನ್ನು ಹಿಡಿದಿಡಲು ಅದರಲ್ಲಿ ಅವಕಾಶವಿಲ್ಲ. ಹಾಗೆ ಹಳೆಯ ಬಾಕಿಗೆಲ್ಲ ವಸ್ತು ಹಿಡಿದಿಡುವ ಹಕ್ಕನ್ನು 171ನೇ ಸೆಕ್ಷನ್ ಬ್ಯಾಂಕುಗಳು, ವಕೀಲರು ಮುಂತಾದ ಕೆಲವರಿಗಷ್ಟೇ ಕೊಟ್ಟಿದೆ. ಬೇರೆಯವರಿಗೆ ಬೇಕಿದ್ದರೆ ಕರಾರಿನಲ್ಲೇ ಬರೆದಿರಬೇಕು. ಇನ್ನೊಂದು ವಿಷಯವೂ ಇದೆ. ನೀವು ಸಾಲದ ಅವಧಿಗೆ ಒಪ್ಪಿದ್ದರೆ 170ರ ಹಕ್ಕೂ ಉಳಿಯುವುದಿಲ್ಲ. ದರ್ಜಿಯೊಬ್ಬ ಮೂರು ತಿಂಗಳ ಸಾಲಕ್ಕೆ ಕೋಟು ಹೊಲಿದುಕೊಡಲು ಒಪ್ಪಿದ್ದರೆ ಹಣ ಬರುವ ತನಕ ಕೋಟು ಇಟ್ಟುಕೊಳ್ಳುವಂತಿಲ್ಲ ಎಂದು ಕಾಯ್ದೆಯೇ ಉದಾಹರಣೆ ಕೊಟ್ಟಿದೆ. 45 ದಿನಕ್ಕೆ ಒಪ್ಪಿದ ನಿಮ್ಮ ಸ್ಥಿತಿಯೂ ಅದೇ. ಗಾಡಿ ನಿಲ್ಲಿಸಿದರೆ ಅವರ ಅಸೆಂಬ್ಲಿ ಲೈನ್ ನಿಲ್ಲುತ್ತದೆ, ಆ ನಷ್ಟ ನಿಮ್ಮ ಹೆಸರಿನಲ್ಲಿ ದಾಖಲಾಗುತ್ತದೆ, ಆಮೇಲೆ ಕಡಿತದ ಮಾತು ಯಾರ ಕಿವಿಗೂ ಬೀಳುವುದಿಲ್ಲ. ನಮ್ಮ ಮಾಲೀಕರು ಅರ್ಧ ಗಂಟೆ ವಾದಿಸಿದರು. ಸಂಜೆ ಗಾಡಿ ಹೋಯಿತು.

ಮಾರನೆಯ ದಿನ ಮೂರು ಸಾಲುಗಳನ್ನು ಬೇರೆ ಬೇರೆ ಹಾಳೆಯ ಮೇಲೆ ಬರೆದೆವು. ಹೀಗೆ ಮಾಡಲು ಕಾರಣವಿದೆ. ಕಂಪನಿಯಲ್ಲಿ ಈ ಮೂರು ಕಡಿತಗಳನ್ನು ಮಾಡಿದವರು ಮೂವರು ಬೇರೆ ಬೇರೆ ಜನ. ಟಿಡಿಎಸ್ ಅಕೌಂಟ್ಸ್‌ನವರದು. ರಿಜೆಕ್ಷನ್ ಕ್ವಾಲಿಟಿ ವಿಭಾಗದ್ದು. ಕಡಿಮೆ ಮಾಲಿನ ಎಣಿಕೆ ಸ್ಟೋರ್ಸ್‌ನದು. ಅಕೌಂಟ್ಸ್‌ನಲ್ಲಿ ಕೂತ ಹುಡುಗನಿಗೆ ಕಂಪ್ಯೂಟರಿನಲ್ಲಿ ಬಂದ ಅಂಕಿ ಮಾತ್ರ ಕಾಣುತ್ತದೆ. ‘ಹದಿಮೂರು ಸಾವಿರ ಯಾಕೆ ಕಡಿದಿರಿ’ ಎಂದು ಅವನನ್ನು ಗದರಿಸಿದರೆ ಅವನ ಹತ್ತಿರ ಉತ್ತರವೂ ಇಲ್ಲ, ಅಧಿಕಾರವೂ ಇಲ್ಲ. ಕ್ವಾಲಿಟಿಯವರ ಸಹಿ ಇಲ್ಲದೆ ಅವನು ರಿಜೆಕ್ಷನ್ನಿನ ಒಂದು ರೂಪಾಯಿಯನ್ನೂ ತಿರುಗಿಸಲಾರ. ಆದರೆ ಮುಂದಿನ ತಿಂಗಳು ನಿಮ್ಮ ಬಿಲ್ಲನ್ನು ಪಾವತಿಯ ಪಟ್ಟಿಗೆ ಸೇರಿಸುವವನು ಅವನೇ. ಅವನ ಮನಸ್ಸು ಕೆಡಿಸಿಕೊಳ್ಳಬೇಡಿ. ಹಾಗೆಯೇ ಕಂಪನಿಯ ಮಾಲೀಕರಿಗೇ ನೇರ ಫೋನ್ ಮಾಡುವ ಅಭ್ಯಾಸವೂ ನಮ್ಮಲ್ಲಿದೆ. ಸಾಹೇಬರು ಪರಿಚಯದವರು, ಒಂದು ಮಾತು ಹೇಳಿದರೆ ಸಾಕು ಎಂಬ ಭಾವನೆ. ಅವರು ಕೆಳಗಿನವರನ್ನು ಕರೆದು ಬೈಯುತ್ತಾರೆ, ನಿಮಗೆ ಆ ಸಲ ಹಣ ಬರುತ್ತದೆ. ಮುಂದಿನ ಲಾಟನ್ನು ಕ್ವಾಲಿಟಿಯವರು ಒಂದೊಂದೇ ನಗ ಎತ್ತಿ ನೋಡುತ್ತಾರೆ.

ಮೊದಲು ಟಿಡಿಎಸ್, ಅದು ಬೇಗ ಮುಗಿಯುವಂಥದ್ದು. ಗಿರಾಕಿಯ ಮಾಲಿನ ಮೇಲೆ ಮಾಡಿದ ಕೆಲಸ ಅಂದಿನ ಆದಾಯ ತೆರಿಗೆ ಕಾಯ್ದೆಯ 194ಸಿ ಸೆಕ್ಷನ್ನಿಗೆ ಬರುತ್ತಿತ್ತು. ಹಣ ಪಡೆಯುವವರು ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾದರೆ ಶೇ. 1, ಪಾಲುದಾರಿಕೆ ಅಥವಾ ಕಂಪನಿಯಾದರೆ ಶೇ. 2. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಟಿಡಿಎಸ್ ಕಡಿಯಬಾರದು ಎಂದು 2017ರ ಜುಲೈನಲ್ಲಿ ನೇರ ತೆರಿಗೆ ಮಂಡಳಿ 23ನೇ ಸಂಖ್ಯೆಯ ಸುತ್ತೋಲೆ ಹೊರಡಿಸಿದೆ. ನಮ್ಮ ಘಟಕ ಒಬ್ಬರದೇ ಮಾಲೀಕತ್ವದ್ದು. ಹಾಗಾಗಿ 90,000ದ ಮೇಲೆ ಶೇ. 1, ಅಂದರೆ 900 ಕಡಿಯಬೇಕಿತ್ತು. ಅವರು 1,00,800ರ ಮೇಲೆ ಶೇ. 2 ಕಡಿದಿದ್ದರು. ಎರಡು ತಪ್ಪು ಸೇರಿ 1,116 ರೂಪಾಯಿ ಹೆಚ್ಚಾಯಿತು.

ತಪ್ಪು ಎಲ್ಲಿ ಹುಟ್ಟಿತು ಎಂದು ನೋಡಿದರೆ ಅದು ಸಣ್ಣದು. ಘಟಕದ ಹೆಸರಿನ ಕೊನೆಗೆ ‘ಇಂಡಸ್ಟ್ರೀಸ್’ ಎಂದಿದೆ. ಕಂಪನಿಯಲ್ಲಿ ನಮ್ಮ ಹೆಸರು ನೋಂದಣಿ ಮಾಡಿಕೊಂಡವರು ಪಾಲುದಾರಿಕೆ ಇರಬಹುದೆಂದು ಹಾಗೆಯೇ ದಾಖಲಿಸಿದ್ದರು. ಪ್ಯಾನ್ ಸಂಖ್ಯೆಯ ನಾಲ್ಕನೆಯ ಅಕ್ಷರ ನೋಡಿದರೆ ಇದು ಬಗೆಹರಿಯುತ್ತದೆ: ಪಿ ಎಂದರೆ ವ್ಯಕ್ತಿ, ಎಫ್ ಎಂದರೆ ಪಾಲುದಾರಿಕೆ, ಸಿ ಎಂದರೆ ಕಂಪನಿ, ಎಚ್ ಎಂದರೆ ಅವಿಭಕ್ತ ಕುಟುಂಬ. ಪ್ಯಾನ್ ಪ್ರತಿ ಕಳಿಸಿ, ನಾಲ್ಕನೆಯ ಅಕ್ಷರ ನೋಡಿ ನಮ್ಮ ದಾಖಲೆ ತಿದ್ದಿಕೊಳ್ಳಿ, ಜಿಎಸ್‌ಟಿ ಬಿಟ್ಟ ಮೊತ್ತದ ಮೇಲೆ ಲೆಕ್ಕ ಹಾಕಿ ಎಂದು ಎರಡು ಸಾಲು ಬರೆದೆವು.

ಆದರೆ ಆ 1,116 ರೂಪಾಯಿಯನ್ನು ವಾಪಸ್ ಕೇಳಲಿಲ್ಲ. ಬಿಲ್ಲನ್ನು ಪುಸ್ತಕಕ್ಕೆ ಹತ್ತಿಸಿದ್ದು ಸೆಪ್ಟೆಂಬರ್‌ನಲ್ಲಿ. ಆ ತಿಂಗಳ ಟಿಡಿಎಸ್ ಅಕ್ಟೋಬರ್ 7ರೊಳಗೆ ಸರ್ಕಾರಕ್ಕೆ ಕಟ್ಟಾಗಿರುತ್ತದೆ. ಕಟ್ಟಿದ ಹಣ ನಮ್ಮ ಪ್ಯಾನ್ ಮೇಲೆ ಆದಾಯ ತೆರಿಗೆ ಇಲಾಖೆಯ ವಿವರಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸಿಕೊಂಡರೆ ಅದು ನಮ್ಮದೇ. ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಿದ್ದರೆ ಮರುಪಾವತಿಯಾಗುತ್ತದೆ. ಅದಕ್ಕಾಗಿ ಅಕೌಂಟ್ಸ್‌ನವರನ್ನು ಹಿಂದಿನ ಲೆಕ್ಕ ಬಿಚ್ಚಲು ಒತ್ತಾಯಿಸುವುದು ನನಗೆ ಸರಿ ಕಾಣಲಿಲ್ಲ. ‘ಕಡಿದಷ್ಟನ್ನೂ ನಮ್ಮ ಪ್ಯಾನ್ ಮೇಲೆ ತೋರಿಸಿರಿ, ನಾವು ರಿಟರ್ನ್‌ನಲ್ಲಿ ತೆಗೆದುಕೊಳ್ಳುತ್ತೇವೆ, ಮುಂದಿನ ಬಿಲ್ಲಿನಿಂದ ಸರಿಮಾಡಿ’ ಎಂದೆವು. ಇದನ್ನು ಬರಹದಲ್ಲಿ ಹೇಳುವುದು ಮುಖ್ಯ. ಇಲ್ಲವಾದರೆ ಅವರು ಒಳ್ಳೆಯ ಮನಸ್ಸಿನಿಂದಲೇ ತ್ರೈಮಾಸಿಕ ವಿವರದಲ್ಲಿ 900 ಎಂದು ತೋರಿಸಿ, ಹಣವನ್ನೂ ಕೊಡದೆ ಮರೆತುಬಿಡಬಹುದು. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ವಿವರ ಸಲ್ಲಿಸಲು ಅಕ್ಟೋಬರ್ 31 ಕೊನೆಯ ದಿನ. ಅದರ ಮೊದಲೇ ನಮ್ಮ ಪತ್ರ ಅವರ ಕೈ ಸೇರಿತ್ತು. ನಿಜವಾಗಿ ಹೆದರಬೇಕಾದದ್ದು ಕಡಿದ ಹಣ 26ಎಎಸ್‌ನಲ್ಲಿ ಕಾಣದೇ ಇದ್ದಾಗ. ಹಾಗಾದರೆ ದರದ ತಪ್ಪಿಗಿಂತ ಮೊದಲು ಅದನ್ನೇ ಕೇಳಬೇಕು.

ಈಗ ದೊಡ್ಡ ಸಾಲಿಗೆ ಬರೋಣ. 18 ನಗ ರಿಜೆಕ್ಷನ್, 10,584 ರೂಪಾಯಿ. ಕೂಲಿ 150ರ ಕೆಲಸಕ್ಕೆ ಒಂದು ನಗಕ್ಕೆ 588 ರೂಪಾಯಿ ಹೇಗೆ ಕಡಿದರು? ಕಾಸ್ಟಿಂಗ್ ಬೆಲೆ 420, ನಮ್ಮ ಕೂಲಿ 150, ಕೂಲಿಯ ಮೇಲಿನ ಜಿಎಸ್‌ಟಿ 18. ಮಷೀನಿಂಗ್ ತಪ್ಪಿನಿಂದ ಕಾಸ್ಟಿಂಗ್ ಹಾಳಾದರೆ ಕಾಸ್ಟಿಂಗ್ ಬೆಲೆ ಕೊಡುವ ಕರಾರು ನಮ್ಮದು. ಅದು ನ್ಯಾಯವೇ. ಆದರೆ ಕಾಸ್ಟಿಂಗ್ ಒಳಗೇ ದೋಷವಿದ್ದು ಮಷೀನಿಂಗ್ ಮಾಡುವಾಗ ಅದು ಬಯಲಾದರೆ ಕಾಸ್ಟಿಂಗ್ ಬೆಲೆ ಫೌಂಡ್ರಿಯ ಮೇಲೆ ಹೋಗಬೇಕು, ನಾವು ಮಾಡಿದ ಕೆಲಸದ ಕೂಲಿ ನಮಗೆ ಬರಬೇಕು. ನಿಮ್ಮ ಶೆಡ್ಡಿನಲ್ಲಿ ಒಂದನ್ನು ಮೆಟೀರಿಯಲ್ ರಿಜೆಕ್ಷನ್, ಇನ್ನೊಂದನ್ನು ಮಷೀನಿಂಗ್ ರಿಜೆಕ್ಷನ್ ಎನ್ನುತ್ತೀರಿ. ಕಂಪನಿಯ ಕಾಗದದಲ್ಲಿ ಬರೀ ‘ರಿಜೆಕ್ಷನ್’ ಎಂದಿತ್ತು. ಯಾವುದು ಎಷ್ಟು ಎಂಬ ವಿಂಗಡಣೆಯೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಸಾಕ್ಷಿ ಎಂದರೆ ಆ 18 ನಗಗಳೇ. ಬೇರೆ ಯಾವ ಕಾಗದವೂ ಅವುಗಳ ಸಮ ಅಲ್ಲ. ಅವು ಒಡೆದು ಫೌಂಡ್ರಿಯ ಕುಲುಮೆಗೆ ಹೋದ ಮೇಲೆ ಯಾರ ತಪ್ಪು ಎಂದು ಬ್ರಹ್ಮನೂ ಹೇಳಲಾರ. ಆದ್ದರಿಂದ ಹಣದ ಮಾತು ಎತ್ತುವ ಮೊದಲು ನಾವು ಕ್ವಾಲಿಟಿ ವಿಭಾಗದ ಇಂಜಿನಿಯರಿಗೆ ಬರೆದ ಪತ್ರ ಇಷ್ಟು:

‘ಬಿಲ್ಲಿನ ಹಣ 17ರಂದು ತಲುಪಿದೆ, ಧನ್ಯವಾದಗಳು. ರಿಜೆಕ್ಟ್ ಆದ 18 ನಗಗಳಲ್ಲಿ ನಮ್ಮ ಮಷೀನಿಂಗ್ ತಪ್ಪು ಇರುವ ಪ್ರತಿ ನಗದ ಕಾಸ್ಟಿಂಗ್ ಬೆಲೆಯನ್ನೂ ಕೂಲಿಯನ್ನೂ ನಾವು ಒಪ್ಪುತ್ತೇವೆ. ನಮ್ಮ ಪ್ರಕ್ರಿಯೆ ತಿದ್ದಿಕೊಳ್ಳಲು ಆ ನಗಗಳನ್ನು ನೋಡಬೇಕಾಗಿದೆ. ದಯವಿಟ್ಟು ಅವುಗಳನ್ನು ಒಡೆಸದೆ ಇಟ್ಟುಕೊಂಡಿರಿ. 21ರ ಸೋಮವಾರ ನಾವು ಬರಬಹುದೇ?’

ಇದರಲ್ಲಿ ಆಕ್ಷೇಪದ ಒಂದು ಶಬ್ದವೂ ಇಲ್ಲ, ಆದರೆ ಬೇಕಾದದ್ದೆಲ್ಲ ಇದೆ. ನಮ್ಮ ತಪ್ಪಿಗೆ ನಾವು ಹೊಣೆ ಎಂದು ಮೊದಲೇ ಹೇಳಿದ್ದರಿಂದ ಆ ಇಂಜಿನಿಯರ್ ತನ್ನನ್ನು ಸಮರ್ಥಿಸಿಕೊಳ್ಳಬೇಕಾಗಿ ಬರಲಿಲ್ಲ. ಅವರು ನಗಗಳನ್ನು ತೆಗೆದಿಟ್ಟರು.

ಸೋಮವಾರ ಮಾಲೀಕರು ಪ್ಲಗ್ ಗೇಜ್, ಬೋರ್ ಗೇಜ್ ತೆಗೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಕೆಂಪು ಬಣ್ಣ ಬಳಿದ 18 ಹೌಸಿಂಗ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದನ್ನೇ ಮಾಲೀಕರೂ ಇಂಜಿನಿಯರೂ ನೋಡಿದರು. 11 ನಗಗಳಲ್ಲಿ ಬೋರಿನ ಒಳಗೆ, ಇಲ್ಲವೇ ಮುಖದ ಮೇಲೆ ಬ್ಲೋ ಹೋಲ್ ಇತ್ತು. ಅಚ್ಚಿನಲ್ಲಿ ಸಿಕ್ಕಿಕೊಂಡ ಗಾಳಿ ಲೋಹದೊಳಗೆ ಉಳಿಸಿದ ಪೊಳ್ಳು ಅದು. ಒಳಗೋಡೆ ನುಣುಪಾಗಿ, ದುಂಡಗಿರುತ್ತದೆ. ಟೂಲ್ ಬಡಿದು ಆದ ಗಾಯಕ್ಕೆ ಗೆರೆ ಇರುತ್ತದೆ, ಚೂಪು ಅಂಚಿರುತ್ತದೆ. ಕೈಬೆರಳಿಗೇ ವ್ಯತ್ಯಾಸ ತಿಳಿಯುತ್ತದೆ. ಉಳಿದ 7 ನಗಗಳಲ್ಲಿ ಪ್ಲಗ್ ಗೇಜಿನ ‘ನೋ ಗೋ’ ತುದಿ ಸಲೀಸಾಗಿ ಒಳಗೆ ಹೋಯಿತು. ಬೋರ್ ದೊಡ್ಡದಾಗಿದೆ, ನಮ್ಮ ತಪ್ಪು. ಅವುಗಳಲ್ಲಿ ಎರಡು ನಗಗಳ ಮೇಲೆ ಕಾಸ್ಟಿಂಗ್‌ನಲ್ಲಿ ಗಟ್ಟಿ ಜಾಗ ಇದ್ದುದರಿಂದ ಇನ್‌ಸರ್ಟ್ ತುಂಡಾಗಿ ಅಳತೆ ತಪ್ಪಿತು ಎಂದು ನಮ್ಮ ಆಪರೇಟರ್ ಹೇಳಿದ್ದ. ಇರಬಹುದು. ಆದರೆ ಅದನ್ನು ತೋರಿಸಲು ಗಡಸುತನ ಪರೀಕ್ಷೆಯ ವರದಿ ಬೇಕು, ಅದು ನಮ್ಮ ಹತ್ತಿರ ಇರಲಿಲ್ಲ. ಆ ಮಾತನ್ನು ಅಲ್ಲಿ ಎತ್ತುವುದು ಬೇಡ ಎಂದೆ. ಕಣ್ಣಿಗೆ ಕಾಣುವ ಹನ್ನೊಂದರ ಜೊತೆ ಕಾಣದ ಎರಡನ್ನು ಸೇರಿಸಿದರೆ ಹನ್ನೊಂದರ ಮೇಲೂ ಅನುಮಾನ ಬರುತ್ತದೆ.

ಇಂಜಿನಿಯರ್ ಕೂಡ ಸುಮ್ಮನೆ ಒಪ್ಪಲಿಲ್ಲ. ಎರಡು ನಗಗಳನ್ನು ಎತ್ತಿ ತೋರಿಸಿ ಹೇಳಿದರು: ‘ಸಾಹೇಬರೇ, ಈ ಎರಡರಲ್ಲಿ ರಂಧ್ರ ಇರುವುದು ಮುಖದ ಮೇಲೆ. ನೀವು ಮೊದಲು ಮಾಡುವುದೇ ಫೇಸಿಂಗ್. ಅಲ್ಲೇ ಕಂಡಿರಬೇಕು. ಆಮೇಲೂ ಬೋರ್ ಮಾಡಿ, ಡ್ರಿಲ್ ಮಾಡಿ ಪೂರ್ತಿ ಕೂಲಿ ಕೇಳಿದರೆ ಹೇಗೆ?’ ಅವರ ಮಾತು ಸರಿಯಾಗಿತ್ತು. ದೋಷ ಕಂಡ ಮೇಲೆ ಕೆಲಸ ಮುಂದುವರಿಸಿದರೆ ಆ ಕೂಲಿ ಕೇಳುವಂತಿಲ್ಲ. ಆ ಎರಡರ ಕೂಲಿ ಬಿಟ್ಟುಕೊಟ್ಟೆವು. ಜಿಎಸ್‌ಟಿ ಸೇರಿ 336 ರೂಪಾಯಿ. ಅದು ಆ ಮೇಜಿನ ಮುಂದೆ ಆದ ಅತ್ಯಂತ ಒಳ್ಳೆಯ ಖರ್ಚು ಎಂದು ನಾನು ಈಗಲೂ ನಂಬಿದ್ದೇನೆ. ನಾವು ಎಲ್ಲದಕ್ಕೂ ವಾದಿಸಲು ಬಂದವರಲ್ಲ ಎಂದು ಅವರಿಗೆ ತಿಳಿಯಿತು.

ಇನ್ನೂ ಒಂದು ವಿಷಯವನ್ನು ನೀವು ಗಮನಿಸಬೇಕು. 11 ಕಾಸ್ಟಿಂಗ್‌ಗಳ ಬೆಲೆಯನ್ನು ನಮಗೆ ತಿರುಗಿ ಕೊಟ್ಟರೆ ಕಂಪನಿಗೆ ನಷ್ಟವೇ? ಇಲ್ಲ. ಅದನ್ನು ಫೌಂಡ್ರಿಯಿಂದ ವಸೂಲು ಮಾಡಬಹುದು. ಆದರೆ ಫೌಂಡ್ರಿಗೆ ಕಳಿಸಲು ಆಧಾರ ಬೇಕು. ಯಾವ ಸಲ ಕರಗಿಸಿದ ಲೋಹದ್ದು ಎಂದು ತಿಳಿಸುವ ಹೀಟ್ ನಂಬರ್ ಕಾಸ್ಟಿಂಗ್ ಮೇಲೆ ಉಬ್ಬಿ ಮೂಡಿರುತ್ತದೆ. ನಮ್ಮವರು 11 ನಗಗಳ ಹೀಟ್ ನಂಬರ್ ಬರೆದು, ಪ್ರತಿಯೊಂದರ ದೋಷದ ಜಾಗದ ಫೋಟೋ ತೆಗೆದು, ಒಂದು ಹಾಳೆಯ ಮೇಲೆ ಹಾಕಿ ಕೊಟ್ಟರು. ಅವುಗಳಲ್ಲಿ ಹೆಚ್ಚಿನವು ಒಂದೇ ಹೀಟಿನವು ಎಂದು ಆಗ ಕಂಡಿತು. ಇಂಜಿನಿಯರಿಗೆ ಆ ಹಾಳೆ ಬೇಕಾಗಿತ್ತು. ನಮ್ಮ ಕೇಳಿಕೆಗೆ ಸಹಿ ಹಾಕುವುದು ಅವರ ಕೆಲಸವನ್ನೇ ಹಗುರ ಮಾಡಿತು. ಗಿರಾಕಿಯ ಎದುರು ಕೂತು ‘ನನ್ನ ಹಣ ಕೊಡಿ’ ಎನ್ನುವುದಕ್ಕೂ ‘ಈ ನಷ್ಟ ನಿಮಗೆ ಇಲ್ಲಿಂದ ಬರಬೇಕು’ ಎಂದು ದಾರಿ ತೋರಿಸುವುದಕ್ಕೂ ಬಹಳ ಅಂತರವಿದೆ.

ಮೂರನೆಯ ಸಾಲು, ಕಡಿಮೆ ಬಂದ 6 ನಗ. 1,008 ರೂಪಾಯಿ. ಮಾಲೀಕರು ‘ಹೋಗಲಿ ಬಿಡಿ’ ಎಂದಿದ್ದರು. ಬಿಡುವಂತಿಲ್ಲ. ನಾವು 594 ಮಾತ್ರ ಕಳಿಸಿದ್ದು ಎಂದು ಒಪ್ಪಿದರೆ ಉಳಿದ 6 ಕಾಸ್ಟಿಂಗ್ ನಮ್ಮ ಶೆಡ್ಡಿನಲ್ಲಿ ಇರಬೇಕು ಎಂದಾಗುತ್ತದೆ. ಮಾರ್ಚ್ ತಿಂಗಳಲ್ಲಿ ಮಾಲಿನ ತಾಳೆ ನೋಡುವಾಗ ಆ 6 ಕಾಸ್ಟಿಂಗ್ ಎಲ್ಲಿ ಎಂದು ಕೇಳುತ್ತಾರೆ. ಆಗ 420ರಂತೆ 2,520 ರೂಪಾಯಿಯ ಇನ್ನೊಂದು ಡೆಬಿಟ್ ಬರುತ್ತದೆ. ಇವತ್ತು ಬಿಟ್ಟ ಸಾವಿರ ಐದು ತಿಂಗಳ ನಂತರ ಮೂರೂವರೆ ಸಾವಿರವಾಗುತ್ತದೆ. ಅದೃಷ್ಟಕ್ಕೆ ಗೇಟಿನಲ್ಲಿ 600 ಎಂದು ಬರೆದು ಮೊಹರು ಹಾಕಿದ ಚಲನ್ ಪ್ರತಿ ನಮ್ಮ ಹತ್ತಿರ ಇತ್ತು. ಅದನ್ನು ಸ್ಟೋರ್ಸ್‌ನವರ ಮುಂದಿಟ್ಟಾಗ ಕಾರಣ ತಿಳಿಯಿತು. ಲಾಟ್ ಇಳಿಸಿದ ಕೂಡಲೇ ಕ್ವಾಲಿಟಿಯವರು 6 ನಗಗಳನ್ನು ಪೂರ್ಣ ಅಳತೆ ಪರೀಕ್ಷೆಗೆ ಒಯ್ದಿದ್ದರು, ಸ್ಟೋರ್ಸ್‌ನಲ್ಲಿ ಎಣಿಸಿದ್ದು ಆಮೇಲೆ. ಮೊಹರು ಬಿದ್ದ ಚಲನ್ ಇಲ್ಲದಿದ್ದರೆ ಅದು ನಮ್ಮ ಮಾತು, ಅವರ ಮಾತು ಎಂದಾಗುತ್ತಿತ್ತು. ಡ್ರೈವರ್ ಅವಸರದಲ್ಲಿ ಮೊಹರು ಹಾಕಿಸದೆ ಬರುತ್ತಾನೆ ಎಂದು ನೀವೆಲ್ಲ ಹೇಳುತ್ತೀರಿ. ಮೊಹರಿನ ಚಲನ್ ತಂದು ಒಪ್ಪಿಸಿದ ಮೇಲೆಯೇ ಬಾಡಿಗೆ ಕೊಡುವ ಪದ್ಧತಿ ಇಟ್ಟುಕೊಳ್ಳಿ.

ಅಂದು ಸಂಜೆ ಬೆಳಗಾವಿಗೆ ಮರಳಿದ ಮೇಲೆ ಎಲ್ಲವನ್ನೂ ಒಂದೇ ಪುಟದಲ್ಲಿ ಬರೆದು ಖರೀದಿ ವಿಭಾಗ, ಕ್ವಾಲಿಟಿ, ಅಕೌಂಟ್ಸ್ ಮೂವರಿಗೂ ಒಟ್ಟಿಗೆ ಕಳಿಸಿದೆವು. ನಾವು ಒಪ್ಪಿದ್ದನ್ನು ಮೊದಲು ಬರೆದೆವು: 7 ಕಾಸ್ಟಿಂಗ್ ಬೆಲೆ 2,940, ಆ 7 ಮತ್ತು ಬಿಟ್ಟುಕೊಟ್ಟ 2 ಸೇರಿ 9 ನಗಗಳ ಕೂಲಿ ಜಿಎಸ್‌ಟಿ ಸಹಿತ 1,512. ಆಮೇಲೆ ತಿರುಗಿ ಬರಬೇಕಾದದ್ದು: ರಿಜೆಕ್ಷನ್ನಿನಿಂದ 6,132, ಎಣಿಕೆಯಿಂದ 1,008, ಒಟ್ಟು 7,140. ಇದನ್ನು ಬೇರೆಯಾಗಿ ಕಳಿಸುವ ಅಗತ್ಯವಿಲ್ಲ, ಮುಂದಿನ ಬಿಲ್ಲಿನ ಪಾವತಿಯ ಜೊತೆ ಸೇರಿಸಿದರೆ ಸಾಕು ಎಂದೂ ಬರೆದೆವು. ದೀಪಾವಳಿಯ ಮುಂಚೆ ಬಂದರೆ ಮಾಲೀಕರಿಗೆ ಅನುಕೂಲವಿತ್ತು, ನಿಜ. ಆದರೆ ಮಧ್ಯದಲ್ಲಿ ಒಂದು ವಿಶೇಷ ಪಾವತಿ ಮಾಡಲು ಅವರಲ್ಲಿ ಇನ್ನೂ ಎರಡು ಸಹಿ ಬೇಕಿತ್ತು. ನವೆಂಬರ್ ಪಾವತಿಯಲ್ಲಿ 7,140 ಸೇರಿ ಬಂತು, ಟಿಡಿಎಸ್ ಶೇ. 1ಕ್ಕೆ ಇಳಿದಿತ್ತು.

ಕ್ರೆಡಿಟ್ ನೋಟ್ ಬಗ್ಗೆ ಎಚ್ಚರ ಬೇಕು. ರಿಜೆಕ್ಷನ್ ಬಂದ ಕೂಡಲೇ ‘18 ನಗಕ್ಕೆ ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟ್ ಕಳಿಸಿ’ ಎಂದು ಅಕೌಂಟ್ಸ್‌ನಿಂದ ಸಂದೇಶ ಬಂದಿರುತ್ತದೆ. ಕಳಿಸಿದರೆ ಪೂರ್ತಿ ಕಡಿತವನ್ನು ಒಪ್ಪಿದಂತೆ. ಕಳಿಸದೇ ಸುಮ್ಮನಿದ್ದರೂ ತೊಂದರೆ ಇದೆ. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಮಾರಾಟದ ತೆರಿಗೆ ಕಡಿಮೆ ಮಾಡಲು ಮಾನ್ಯವಾಗುವುದು ಬಿಲ್ ಕೊಟ್ಟವರ ಕ್ರೆಡಿಟ್ ನೋಟ್ ಮಾತ್ರ. ಗಿರಾಕಿ ಬರೆದ ಡೆಬಿಟ್ ನೋಟಿನಿಂದ ನೀವು ಕಟ್ಟಿದ ತೆರಿಗೆ ಇಳಿಯುವುದಿಲ್ಲ. ಅವರು ನಿಮ್ಮಿಂದ ಜಿಎಸ್‌ಟಿ ಕಡಿದುಕೊಂಡು, ಹೂಡುವಳಿ ತೆರಿಗೆಯ ಲಾಭವನ್ನೂ ಪೂರ್ತಿ ಇಟ್ಟುಕೊಂಡರೆ ಆ ತೆರಿಗೆ ನಿಮ್ಮ ಜೇಬಿನಿಂದ ಹೋಯಿತು. ಹಾಗಾಗಿ ಒಪ್ಪಂದವಾದ ದಿನವೇ, ಒಪ್ಪಿದಷ್ಟಕ್ಕೆ ಮಾತ್ರ ಕ್ರೆಡಿಟ್ ನೋಟ್ ಕೊಡಿ. ನಾವು ಕೊಟ್ಟದ್ದು 1,350 ಕೂಲಿ ಮತ್ತು 162 ತೆರಿಗೆಗೆ. ಕಾಸ್ಟಿಂಗ್ ಬೆಲೆಯನ್ನು ಅದರಲ್ಲಿ ಸೇರಿಸಲಿಲ್ಲ, ಏಕೆಂದರೆ ಕಾಸ್ಟಿಂಗನ್ನು ನಾವು ಮಾರಿಯೇ ಇಲ್ಲ. ಒಂದು ಆರ್ಥಿಕ ವರ್ಷದ ಬಿಲ್ಲಿಗೆ ಆ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ತನಕ ರಿಟರ್ನ್‌ನಲ್ಲಿ ತೋರಿಸಲು ಅವಕಾಶವಿದೆ, ಅದು ದಾಟಿದರೆ ತೆರಿಗೆ ಮರಳಿ ಸಿಗುವುದಿಲ್ಲ.

ಇಷ್ಟು ಹೊತ್ತು ನಾನು ಒಂದು ಕಾಯ್ದೆಯ ಹೆಸರು ಹೇಳಲಿಲ್ಲ. ನಿಮ್ಮಲ್ಲಿ ಕೆಲವರು ಅದಕ್ಕೇ ಕಾಯುತ್ತಿದ್ದೀರಿ. 2006ರ ಎಂಎಸ್‌ಎಂಇಡಿ ಕಾಯ್ದೆ, ಅಂದರೆ ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ. ಮಾಲು ತಲುಪಿ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ತಲುಪಿದ ದಿನವೇ ಸ್ವೀಕರಿಸಿದಂತೆ ಎಂದು ಅದು ಹೇಳುತ್ತದೆ. ಕರಾರು ಏನೇ ಇರಲಿ 45 ದಿನ ದಾಟುವಂತಿಲ್ಲ, ದಾಟಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಗೆಹರಿಯದಿದ್ದರೆ 18ನೇ ಸೆಕ್ಷನ್ನಿನಡಿ ಸಣ್ಣ ಉದ್ಯಮಗಳ ಬಾಕಿ ವ್ಯಾಜ್ಯ ಬಗೆಹರಿಸುವ ಮಂಡಳಿಗೆ ಹೋಗಬಹುದು. ಉದ್ಯಮ್ ನೋಂದಣಿ ಮಾತ್ರ ಮಾಲು ಕಳಿಸುವ ಮೊದಲೇ ಆಗಿರಬೇಕು. ನಮ್ಮ ಪ್ರಕರಣದಲ್ಲಿ 18 ನಗಗಳ ಬಗ್ಗೆ ಅಕ್ಟೋಬರ್ 17ರ ತನಕ ಒಂದಕ್ಷರವೂ ಬಂದಿರಲಿಲ್ಲ. ಕಾಯ್ದೆಯ 15 ದಿನ ಎಂದೋ ಮುಗಿದಿತ್ತು.

ಆದರೂ ನಾವು ಅದನ್ನು ಬಳಸಲಿಲ್ಲ. ಆ 15 ದಿನ ಪಾವತಿಯ ಅವಧಿ ಯಾವತ್ತು ಶುರುವಾಯಿತು ಎಂಬುದನ್ನು ನಿರ್ಧರಿಸುತ್ತದೆ. ದೊಡ್ಡದಾದ ಬೋರನ್ನು ಅದು ಸರಿ ಮಾಡುವುದಿಲ್ಲ. ಮೊದಲ ಪತ್ರದಲ್ಲೇ ಕಾಯ್ದೆ ಬರೆದರೆ ಆ ಪತ್ರ ಕ್ವಾಲಿಟಿ ವಿಭಾಗದಿಂದ ವಕೀಲರ ಮೇಜಿಗೆ ಹೋಗುತ್ತದೆ, 18 ನಗಗಳನ್ನು ನಿಮಗೆ ಯಾರೂ ತೋರಿಸುವುದಿಲ್ಲ. ನಾವು ಮಾಡಿದ್ದು ಬೇರೆ. ಹಣದ ಮಾತು ಮುಗಿದ ಮೇಲೆ ಖರೀದಿ ವಿಭಾಗಕ್ಕೆ ಕೇಳಿಕೊಂಡೆವು: ರಿಜೆಕ್ಷನ್ ಇದ್ದರೆ ಮಾಲು ತಲುಪಿದ 15 ದಿನದೊಳಗೆ ನಗಗಳ ಸಂಖ್ಯೆ, ದೋಷದ ವಿಧ ಬರೆದು ತಿಳಿಸಿ, ನಮ್ಮವರು ನೋಡುವ ತನಕ ಒಡೆಸಬೇಡಿ. ಮುಂದಿನ ಖರೀದಿ ಆದೇಶದಲ್ಲಿ ಆ ಸಾಲು ಸೇರಿಕೊಂಡಿತು. ಕಾಯ್ದೆಯ ಹೆಸರಿಲ್ಲದೆ ಕಾಯ್ದೆಯ ದಿನಗಳು ಕರಾರಿಗೆ ಬಂದವು. ಪತ್ರಗಳಿಗೆ ಉತ್ತರವೇ ಕೊಡದ, ನಗಗಳನ್ನು ತೋರಿಸಲೂ ಒಪ್ಪದ ಗಿರಾಕಿಯ ಎದುರು ಮಂಡಳಿಗೆ ಹೋಗಲೇಬೇಕಾಗುತ್ತದೆ. ಆಗ ಆ ಗಿರಾಕಿಯ ಕೆಲಸ ನಿಂತರೂ ನಡೆಯುವಷ್ಟು ಬೇರೆ ಕೆಲಸ ಕೈಯಲ್ಲಿದೆಯೇ ಎಂದು ನೋಡಿಕೊಂಡು ಹೋಗಿ.

ನಮ್ಮ ಕಡೆಯಿಂದಲೂ ಒಂದು ಬದಲಾವಣೆ ಮಾಡಿದೆವು. ಮಷೀನಿಂಗ್ ಮಾಡುವಾಗ ಬ್ಲೋ ಹೋಲ್ ತೆರೆದುಕೊಂಡರೆ ಆಪರೇಟರ್ ಅಲ್ಲಿಗೇ ನಿಲ್ಲಿಸಿ, ಯಾವ ಕಾರ್ಯದ ನಂತರ ಕಂಡಿತು ಎಂದು ನಗದ ಮೇಲೆಯೇ ಬರೆದು ಬೇರೆ ಇಡುತ್ತಾನೆ. ಅವು ಬೇರೆ ಚಲನ್‌ನಲ್ಲಿ ‘ಮೆಟೀರಿಯಲ್ ರಿಜೆಕ್ಷನ್’ ಎಂದೇ ಹೋಗುತ್ತವೆ. ಒಳ್ಳೆಯ ಮಾಲಿನ ಜೊತೆ ಬೆರೆಸಿ ಕಳಿಸಿದರೆ ನೀವು ಪರೀಕ್ಷಿಸಿ ಪಾಸು ಮಾಡಿದಂತಾಗುತ್ತದೆ. ಫೇಸಿಂಗ್ ಆದ ಮೇಲೆ ನಿಂತರೆ ಎಷ್ಟು ಕೂಲಿ, ಬೋರಿಂಗ್ ಆದ ಮೇಲೆ ಎಷ್ಟು ಎಂಬುದನ್ನೂ ಈಗ ಬರೆದುಕೊಂಡಿದ್ದಾರೆ.

ಕೊನೆಯದು ಪುಸ್ತಕದ ಮಾತು. ಕಡಿತ ಬಗೆಹರಿಯುವ ತನಕ ಅದನ್ನು ಗಿರಾಕಿಯ ಖಾತೆಯಲ್ಲಿ ಆ ಬಿಲ್ಲಿನ ಸಂಖ್ಯೆಯ ಎದುರೇ ಬಾಕಿ ತೋರಿಸಿ. ಬೇರೆ ಖರ್ಚಿಗೆ ಹಾಕಿ ಮುಚ್ಚಬೇಡಿ. ಮುಂದಿನ ಬಿಲ್ಲಿನಲ್ಲಿ ನೀವಾಗಿಯೇ ಏರಿಸಿ ಹಾಕುವುದಂತೂ ಬೇಡವೇ ಬೇಡ. ಮಾರ್ಚ್ 31ರ ಹೊತ್ತಿಗೆ ಕಂಪನಿಗಳಿಂದ ಬಾಕಿ ದೃಢೀಕರಣದ ಕಾಗದ ಬರುತ್ತದೆ. ನಮ್ಮ ಪುಸ್ತಕದ ಪ್ರಕಾರ ನಿಮ್ಮ ಬಾಕಿ ಇಷ್ಟು, ಸಹಿ ಮಾಡಿ ಕಳಿಸಿ ಎಂದು. ಅವರ ಅಂಕಿಯಲ್ಲಿ ಎಲ್ಲ ಡೆಬಿಟ್ ನೋಟುಗಳೂ ಕಳೆದಿರುತ್ತವೆ. ನೀವು ಸಹಿ ಹಾಕಿದ ದಿನ ವರ್ಷವಿಡೀ ಆದ ಕಡಿತಕ್ಕೆಲ್ಲ ಒಪ್ಪಿಗೆ ಕೊಟ್ಟಂತೆ ಅವರು ಹಿಡಿಯುತ್ತಾರೆ. ಆ ಕಾಗದವನ್ನು ತಿರುಗಿಸದೇ ಇಟ್ಟುಕೊಳ್ಳಬೇಡಿ, ಅದು ಅವರ ಆಡಿಟರಿಗೆ ಬೇಕು. ನಿಮ್ಮ ಪುಸ್ತಕದ ಬಾಕಿಯನ್ನು ಪಕ್ಕದಲ್ಲಿ ಬರೆದು, ಇನ್ನೂ ಮಾತುಕತೆಯಲ್ಲಿರುವ ಡೆಬಿಟ್ ನೋಟುಗಳ ಸಂಖ್ಯೆ, ದಿನಾಂಕ, ಮೊತ್ತ ನಮೂದಿಸಿ, ಅದರ ಕೆಳಗೆ ಸಹಿ ಮಾಡಿ ಕಳಿಸಿ.